ಬೆಳಗ್ಗೆ 13 ಮೀಟರ್, ಮಧ್ಯಾಹ್ನ 17: ಒಂದೇ ತೆಂಗಿನ ಮರಕ್ಕೆ ಎರಡು ಎತ್ತರ

ಪ್ರಶ್ನೆ: ಸರ್, ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಮನೆ ಪಕ್ಕದ ಹಳೇ ತೆಂಗಿನ ಮರ ಕಡಿಸಬೇಕು. ಬೀಳುವಾಗ ಮನೆಗೆ ತಾಗುತ್ತೇನೋ ಅಂತ ಭಯ. ಮನೆ ಇರೋದು ಮರಕ್ಕೆ ಪೂರ್ವಕ್ಕೆ, 19 ಮೀಟರ್ ದೂರದಲ್ಲಿ. ಹತ್ತನೇ ಕ್ಲಾಸಿನ ಮಗಳು ಸಮರೂಪ ತ್ರಿಭುಜದ ಲೆಕ್ಕದಲ್ಲಿ ಎತ್ತರ ಕಂಡುಹಿಡಿಯೋಣ ಅಂದಳು. ಏಪ್ರಿಲ್ ಮೊದಲ ಭಾನುವಾರ 1 ಮೀಟರ್ ಕೋಲು ನೆಟ್ಟೆವು. ಬೆಳಗ್ಗೆ ಒಂಬತ್ತೂವರೆಗೆ ಕೋಲಿನ ನೆರಳು 97 ಸೆಂ.ಮೀ., ಮರದ ನೆರಳು ಬುಡದಿಂದ ತಲೆಯ ನಡುವಿನ ತನಕ 12.55 ಮೀ. ಮಧ್ಯಾಹ್ನ ಮೂರೂವರೆಗೆ ಕೋಲಿನದು 103 ಸೆಂ.ಮೀ., ಮರದ್ದು 17.45 ಮೀ. ಮೊದಲ ಲೆಕ್ಕಕ್ಕೆ 13 ಮೀಟರ್ ಬಂತು, ಎರಡನೆಯದಕ್ಕೆ 17. ಮರ ಒಂದೇ, ಎತ್ತರ ಎರಡು ಹೇಗೆ? ಯಾವುದನ್ನು ನಂಬೋದು?

ಉತ್ತರ: ಎರಡನ್ನೂ ನಂಬಬೇಡಿ. ನಿಮ್ಮ ಮರದ ಎತ್ತರ 15 ಮೀಟರ್. ಅದು ಮನೆ ಕಡೆಗೇ ವಾಲಿದೆ, ತಲೆ ಬುಡಕ್ಕಿಂತ ಸುಮಾರು 2 ಮೀಟರ್ ಪೂರ್ವಕ್ಕಿದೆ. ನಾನು ನಿಮ್ಮ ಮರ ನೋಡಿಲ್ಲ. ನೀವು ಕಳಿಸಿದ ನಾಲ್ಕು ಅಳತೆಗಳೇ ಇಷ್ಟನ್ನೂ ಹೇಳುತ್ತಿವೆ.

ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ದಾರಕ್ಕೆ ಕಲ್ಲು ಕಟ್ಟಿ, ಮರದಿಂದ ದಕ್ಷಿಣಕ್ಕೆ ಇಪ್ಪತ್ತು ಹೆಜ್ಜೆ ನಡೆದು ನಿಲ್ಲಿ. ಕೈ ಮುಂದೆ ಚಾಚಿ ದಾರವನ್ನು ಇಳಿಬಿಡಿ. ದಾರವನ್ನು ಮರದ ಬುಡಕ್ಕೆ ಸರಿಯಾಗಿ ಹಿಡಿದರೆ ತಲೆ ದಾರದ ಬಲಕ್ಕೆ ಕಾಣಿಸಬೇಕು. ಇಷ್ಟು ದಿನ ಇದು ನಿಮ್ಮ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯ ಇಲ್ಲ. ಮನೆ ಜಗಲಿಯಿಂದ ನೋಡುವವರಿಗೆ ಮರ ತಮ್ಮ ಕಡೆಗೇ ಬಾಗಿರುತ್ತೆ. ನಮ್ಮ ಕಡೆಗೆ ಬಾಗಿದ ಮರ ನೆಟ್ಟಗೆ ನಿಂತಂತೆಯೇ ಕಾಣೋದು.

ಈಗ ತಪ್ಪು ಎಲ್ಲಾಯ್ತು ನೋಡೋಣ. ಕೋಲು, ಅದರ ನೆರಳು, ಕೋಲಿನ ತುದಿ ಸವರಿಕೊಂಡು ನೆಲಕ್ಕೆ ಇಳಿಯುವ ಬಿಸಿಲಿನ ಗೆರೆ, ಈ ಮೂರೂ ಸೇರಿ ಒಂದು ತ್ರಿಭುಜ. ಮರದ್ದು ಇನ್ನೊಂದು. ಸೂರ್ಯ ಅಷ್ಟು ದೂರದಲ್ಲಿರೋದರಿಂದ ಎರಡಕ್ಕೂ ಬೀಳುವ ಬಿಸಿಲು ಸಮಾಂತರ, ಹಾಗಾಗಿ ನೆಲದ ಹತ್ತಿರದ ಕೋನ ಎರಡರಲ್ಲೂ ಒಂದೇ. ಇನ್ನೊಂದು ಕೋನ ಲಂಬಕೋನ. ಎರಡು ಕೋನ ಸಮ ಇದ್ದರೆ ತ್ರಿಭುಜಗಳು ಸಮರೂಪ. ಇಲ್ಲಿಯವರೆಗೆ ನಿಮ್ಮ ಮಗಳು ಮಾಡಿದ್ದೆಲ್ಲ ಸರಿ. ಆದರೆ ಆ ಲಂಬಕೋನ ಇರೋದು ಎಲ್ಲಿ? ಮರದ ಬುಡದಲ್ಲಲ್ಲ. ಮರದ ತಲೆಯಿಂದ ದಾರ ಇಳಿಬಿಟ್ಟರೆ ಅದು ನೆಲ ಮುಟ್ಟುವ ಜಾಗದಲ್ಲಿ. ಪುಸ್ತಕದ ಲೆಕ್ಕದಲ್ಲಿ ‘ನೇರವಾಗಿ ನಿಂತಿರುವ ಕಂಬ’ ಅಂತ ಒಂದು ಮಾತು ಇರುತ್ತಲ್ಲ, ಮಕ್ಕಳು ಅದನ್ನು ಓದಿಯೂ ಓದದಂತೆ ಮುಂದೆ ಹೋಗುತ್ತಾರೆ. ಕಂಬಕ್ಕೆ ಬುಡವೂ ಆ ಜಾಗವೂ ಒಂದೇ. ತೆಂಗಿನ ಮರಕ್ಕೆ ಹಾಗಲ್ಲ.

ನಿಮ್ಮ ಮರದಲ್ಲಿ ಆ ಜಾಗ ಬುಡದಿಂದ 2 ಮೀಟರ್ ಪೂರ್ವಕ್ಕಿದೆ. ಬೆಳಗ್ಗೆ ಸೂರ್ಯ ಪೂರ್ವದಲ್ಲಿದ್ದ, ನೆರಳು ಪಶ್ಚಿಮಕ್ಕೆ ಬಿತ್ತು. ನೀವು ಬುಡದಿಂದ ಅಳೆದಿರಿ, ಅಸಲಿ ನೆರಳಿನಲ್ಲಿ 2 ಮೀಟರ್ ಲೆಕ್ಕಕ್ಕೇ ಬರಲಿಲ್ಲ. ಮಧ್ಯಾಹ್ನ ನೆರಳು ಪೂರ್ವಕ್ಕೆ ತಿರುಗಿತು. ಆಗ ಬುಡದಿಂದ ಅಳೆದಾಗ 2 ಮೀಟರ್ ಸುಮ್ನೆ ಜಾಸ್ತಿ ಸೇರಿಕೊಂಡಿತು. ಒಂದು ಸಲ ನಷ್ಟ, ಒಂದು ಸಲ ಲಾಭ.

ಎತ್ತರಕ್ಕೆ H, ವಾಲಿದ ದೂರಕ್ಕೆ x ಅಂತ ಇಟ್ಟುಕೊಂಡರೆ ನಿಮ್ಮ ಅಳತೆಗಳು ಹೀಗಾಗುತ್ತವೆ:

0.97 H − x = 12.55
1.03 H + x = 17.45

ಎರಡನ್ನೂ ಕೂಡಿದರೆ x ಹೊರಟುಹೋಗುತ್ತೆ. 2H = 30, ಅಂದರೆ H = 15. ಅದನ್ನು ಮೊದಲನೆಯದಕ್ಕೆ ಹಾಕಿದರೆ 14.55 − x = 12.55, x = 2.

ಸಮೀಕರಣ ಬಿಡಿಸಿ ಕೈ ತೊಳೆದುಕೊಳ್ಳಬಹುದು. ಆದರೆ ಕೂಡಿದಾಗ ನಿಜಕ್ಕೂ ಏನಾಯ್ತು ಅಂತ ನೆಲದ ಮೇಲೆ ನಿಂತು ನೋಡಿ, ಸ್ವಾರಸ್ಯ ಅಲ್ಲಿದೆ. 12.55 ಮತ್ತು 17.45 ಕೂಡಿದರೆ 30. ಅದು ಬೆಳಗಿನ ಗುರುತಿನಿಂದ ಮಧ್ಯಾಹ್ನದ ಗುರುತಿಗೆ ಇರುವ ದೂರ. ಕೋಲಿಗೆ ಅದೇ ದೂರ 97 ಮತ್ತು 103 ಸೇರಿ 200 ಸೆಂ.ಮೀ., ಅಂದರೆ 2 ಮೀಟರ್. 1 ಮೀಟರ್ ಕೋಲಿನ ನೆರಳಿನ ತುದಿ 2 ಮೀಟರ್ ಸರಿದರೆ, 30 ಮೀಟರ್ ಸರಿದ ತುದಿ ಎಷ್ಟು ಎತ್ತರದ್ದು? 15 ಮೀಟರ್. ಇದರಲ್ಲಿ ಬುಡದ ಮಾತೇ ಬರಲಿಲ್ಲ, ಅಲ್ವಾ?

ಹಾಗಾಗಿ ಮುಂದಿನ ಸಲ ಬುಡದಿಂದ ಅಳೆಯೋದನ್ನೇ ಬಿಟ್ಟುಬಿಡಿ. ಬೆಳಗ್ಗೆ ಮರದ ನೆರಳಿನ ತುದಿಗೆ ಒಂದು ಗೂಟ, ಅದೇ ಗಳಿಗೆಯಲ್ಲಿ ಕೋಲಿನ ನೆರಳಿನ ತುದಿಗೆ ಒಂದು ಮೊಳೆ. ಮಧ್ಯಾಹ್ನ ಮತ್ತೆ ಒಂದು ಗೂಟ, ಒಂದು ಮೊಳೆ. ಆಮೇಲೆ ಗೂಟದಿಂದ ಗೂಟಕ್ಕೆ, ಮೊಳೆಯಿಂದ ಮೊಳೆಗೆ ಟೇಪ್ ಹಿಡಿಯಿರಿ. ಗೂಟಗಳ ದೂರವನ್ನು ಮೊಳೆಗಳ ದೂರದಿಂದ ಭಾಗಿಸಿ, ಕೋಲಿನ ಎತ್ತರದಿಂದ ಗುಣಿಸಿದರೆ ಮರದ ಎತ್ತರ.

ಇಲ್ಲೂ ಸಮರೂಪ ತ್ರಿಭುಜಗಳೇ ಕೆಲಸ ಮಾಡುತ್ತಿರೋದು, ಆದರೆ ನೆಟ್ಟಗೆ ನಿಂತ ತ್ರಿಭುಜಗಳಲ್ಲ. ಮರದ ತಲೆಯಿಂದ ಎರಡು ಗೂಟಗಳಿಗೂ ಹಗ್ಗ ಎಳೆದು ಕಟ್ಟಿದಂತೆ ಊಹಿಸಿಕೊಳ್ಳಿ. ಎರಡು ಹಗ್ಗ, ಮಧ್ಯೆ ನೆಲ: ಒಂದು ಡೇರೆಯ ಬಾಯಿಯ ಹಾಗೆ. ಕೋಲಿನ ತುದಿಯಿಂದ ಮೊಳೆಗಳಿಗೆ ದಾರ ಕಟ್ಟಿದರೆ ಅದೇ ಆಕಾರದ ಪುಟ್ಟ ಡೇರೆ. ಬೆಳಗಿನ ಹಗ್ಗ ಬೆಳಗಿನ ದಾರಕ್ಕೆ ಸಮಾಂತರ, ಮಧ್ಯಾಹ್ನದ್ದು ಮಧ್ಯಾಹ್ನದ್ದಕ್ಕೆ. ಆದ್ದರಿಂದ ಮೂರು ಕೋನಗಳೂ ಸಮ. ದೊಡ್ಡ ಡೇರೆ ಚಿಕ್ಕದರ 15 ಪಟ್ಟು ಅಂದರೆ ಅದರ ತುದಿಯ ಎತ್ತರವೂ 15 ಪಟ್ಟು. ಒಳಗಿನ ಕಂಬ ನೆಟ್ಟಗಿದೆಯೋ ಸೊಟ್ಟಗಿದೆಯೋ ಅನ್ನೋದು ಡೇರೆಗೆ ಸಂಬಂಧ ಇಲ್ಲ.

ಇದರಿಂದ ಇನ್ನೊಂದು ಉಪಕಾರ ಇದೆ. ಸಾಮಾನ್ಯ ವಿಧಾನದಲ್ಲಿ ಕೋಲು ಒಂದು 3 ಡಿಗ್ರಿ ವಾಲಿದರೂ ಅದರ ತುದಿ 5 ಸೆಂ.ಮೀ. ಪಕ್ಕಕ್ಕೆ ಹೋಗಿ, ಉತ್ತರ ನೂರಕ್ಕೆ 5ರಷ್ಟು ಕೆಡಬಹುದು. ಗೂಟ–ಮೊಳೆ ವಿಧಾನದಲ್ಲಿ ಕೋಲು ವಾಲಿದ್ದರೂ ಪರವಾಗಿಲ್ಲ. ಕೋಲಿನ ತುದಿ ನೆಲದಿಂದ ಎಷ್ಟು ಎತ್ತರ ಇದೆ ಅಂತ ಸರಿಯಾಗಿ ಗೊತ್ತಿದ್ದರೆ ಸಾಕು. ಆದರೆ ಬೆಳಗ್ಗೆ ನೆಟ್ಟ ಕೋಲು ಮಧ್ಯಾಹ್ನದವರೆಗೂ ಒಂಚೂರೂ ಅಲುಗಬಾರದು. ನಾನು ಮೇಷ್ಟ್ರಾಗಿದ್ದಾಗ ಒಂದು ಶಾಲೆಯ ಮೈದಾನದಲ್ಲಿ ಇದನ್ನು ಮಾಡಿಸಿದ್ದೆ. ಮಧ್ಯಾಹ್ನ ಲೆಕ್ಕ ಹಾಕಿದರೆ ಮೂರಾಳೆತ್ತರದ ಮರ ಆರಾಳೆತ್ತರ ಆಗಿತ್ತು. ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಕೋಲು ಕಿತ್ತುಕೊಂಡು ಹೋಗಿ ಮಾವಿನಕಾಯಿ ಹೊಡೆದು, ಪಾಪ, ವಾಪಸ್ ತಂದು ನೆಟ್ಟಿದ್ದ. ನೆಟ್ಟ ಜಾಗ ಮಾತ್ರ ಒಂದು ಅಡಿ ಆಚೆ.

ಬುಡಕ್ಕೆ ಹೋಗದೆ ಎತ್ತರ ಕಂಡುಹಿಡಿಯುವ ಯೋಚನೆ ಹೊಸದೇನಲ್ಲ. ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟ ಎರಡು ಸಮ ಎತ್ತರದ ಶಂಕುಗಳನ್ನು, ಅಂದರೆ ನೆರಳು ಅಳೆಯುವ ನೇರ ಕೋಲುಗಳನ್ನು, ನಿಲ್ಲಿಸಿ, ಅವುಗಳ ನೆರಳಿನ ತುದಿಗಳ ನಡುವಿನ ದೂರದಿಂದ ದೀಪದ ಎತ್ತರ ಲೆಕ್ಕ ಹಾಕುವ ಕ್ರಮ ಹೇಳಿದ್ದಾನೆ. ದೀಪ ಹತ್ತಿರದಲ್ಲಿರುತ್ತೆ, ಹಾಗಾಗಿ ದೂರದ ಶಂಕುವಿಗೆ ನೆರಳು ಉದ್ದ, ಹತ್ತಿರದ್ದಕ್ಕೆ ಗಿಡ್ಡ. ಆ ವ್ಯತ್ಯಾಸವೇ ಲೆಕ್ಕದ ಜೀವ. ಸೂರ್ಯನಿಗೆ ಅದು ನಡೆಯೋಲ್ಲ, ಊರ ತುಂಬ ಒಂದೇ ಎತ್ತರದ ಕೋಲು ನೆಟ್ಟರೂ ಒಂದೇ ನೆರಳು. ಅದಕ್ಕೇ ನಾವು ಜಾಗ ಬದಲಿಸುವ ಬದಲು ಹೊತ್ತು ಬದಲಿಸುತ್ತೇವೆ.

ಈಗ ಒಂದು ಎಚ್ಚರಿಕೆ. ನಿಮ್ಮ ಎರಡು ನೆರಳುಗಳನ್ನು ನಾನು ಸುಮ್ನೆ ಕೂಡಿಬಿಟ್ಟೆ. ಅದು ಏಪ್ರಿಲ್ ಆದ್ದರಿಂದ ನಡೆಯಿತು. ಏಪ್ರಿಲ್ ಮೊದಲ ವಾರ ಮಂಡ್ಯದಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿರುತ್ತಾನೆ, ಮೂರೂವರೆಗೆ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ. ಎರಡು ನೆರಳೂ ಒಂದೇ ಗೆರೆಯಲ್ಲಿ ಎದುರುಬದುರಾಗಿ ಬೀಳುತ್ತವೆ. ಆಗಲೂ ಎರಡು ಗುರುತುಗಳ ನಡುವಿನ ಗೆರೆ ಮರಕ್ಕಿಂತ ಸುಮಾರು ಒಂದೂಕಾಲು ಮೀಟರ್ ಉತ್ತರಕ್ಕೆ ಹಾದುಹೋಗುತ್ತೆ. ಟೇಪ್ ನೇರವಾಗಿ ಹಿಡಿದಿದ್ದರೆ 30 ಮೀಟರ್‌ಗೆ ಹತ್ತು ಹನ್ನೆರಡು ಸೆಂಟಿಮೀಟರ್ ಕಡಿಮೆ ಬರುತ್ತಿತ್ತು. ಕೋಲಿನ ಕಡೆಯೂ ಅದೇ ಪ್ರಮಾಣದಲ್ಲಿ ಕಡಿಮೆ ಬಂದು ಸರಿಹೋಗುತ್ತಿತ್ತು.

ಇದನ್ನೇ ಡಿಸೆಂಬರ್ ಕೊನೆಯಲ್ಲಿ ಮಾಡಿದ್ದರೆ ಕಥೆಯೇ ಬೇರೆ. ಆಗ ಸೂರ್ಯ ದಕ್ಷಿಣಕ್ಕೆ ಹೋಗಿರುತ್ತಾನೆ. ನೆರಳು ಮರದ ಎತ್ತರದಷ್ಟೇ ಉದ್ದ ಇರುವ ಹೊತ್ತಿನಲ್ಲಿ ಬೆಳಗಿನದು ವಾಯವ್ಯಕ್ಕೆ, ಮಧ್ಯಾಹ್ನದ್ದು ಈಶಾನ್ಯಕ್ಕೆ ಬೀಳುತ್ತೆ. ಎರಡರ ನಡುವೆ 75 ಡಿಗ್ರಿಯಷ್ಟೇ ಅಂತರ. ಎರಡು ನೆರಳಿನ ಉದ್ದ ಕೂಡಿದರೆ 30 ಮೀಟರ್, ಆದರೆ ಗೂಟದಿಂದ ಗೂಟಕ್ಕೆ ಇರೋದು 18 ಮೀಟರ್ ಆಸುಪಾಸು. ಹಾಗಾಗಿ ಯಾವ ತಿಂಗಳಾದರೂ ಸರಿ, ಗೂಟದಿಂದ ಗೂಟಕ್ಕೇ ಅಳೆಯಿರಿ. ಕೂಡೋ ಚಟ ಬೇಡ.

ಹೊತ್ತಿನ ವಿಷಯ. ಬೆಳಗ್ಗೆ ಒಂಬತ್ತೂವರೆ, ಮಧ್ಯಾಹ್ನ ಮೂರೂವರೆ ನೀವು ಆರಿಸಿಕೊಂಡದ್ದು ಒಳ್ಳೆಯದಾಯ್ತು. ಆ ಹೊತ್ತಿಗೆ ನಿಮ್ಮ ಮರದ ನೆರಳಿನ ತುದಿ ನಿಮಿಷಕ್ಕೆ ಸುಮಾರು 13 ಸೆಂ.ಮೀ. ಓಡುತ್ತಿರುತ್ತೆ. ಮರದ ಗುರುತು ಹಾಕಿ, ಟೇಪ್ ಸುತ್ತಿ, ಕೋಲಿನ ಹತ್ತಿರ ಹೋಗೋದರೊಳಗೆ ಐದು ನಿಮಿಷ ಆದರೆ ಅರ್ಧ ಮೀಟರ್‌ಗೂ ಜಾಸ್ತಿ ಕೈತಪ್ಪಿತು. ಮರದ ಹತ್ತಿರ ನೀವು, ಕೋಲಿನ ಹತ್ತಿರ ಮಗಳು ನಿಂತು, ‘ಹೂಂ’ ಅಂದ ತಕ್ಷಣ ಇಬ್ಬರೂ ಒಟ್ಟಿಗೆ ಗುರುತು ಹಾಕಿ. ಅಳೆಯೋದು ಸಾವಕಾಶವಾಗಿ ಆಮೇಲೆ. ಬೆಳಗ್ಗೆ ಏಳಕ್ಕೇ ಎದ್ದು ಹೋದರೆ ಕಷ್ಟ. ಆಗ ನೆರಳು ಮರದ ಆರು ಪಟ್ಟು ಉದ್ದ, ನಿಮಿಷಕ್ಕೆ 2 ಮೀಟರ್‌ಗೂ ಜಾಸ್ತಿ ಹಿಂದಕ್ಕೆ ಸರಿಯುತ್ತಿರುತ್ತೆ. ಗೂಟ ಹೊಡೆಯೋಕೆ ಬಗ್ಗಿ ಏಳುವಷ್ಟರಲ್ಲಿ ತುದಿ ಬೇರೆ ಕಡೆ ಇರುತ್ತೆ. ನಡುಮಧ್ಯಾಹ್ನ ಇನ್ನೊಂದು ತೊಂದರೆ. ಏಪ್ರಿಲ್ 22–23ರ ಹೊತ್ತಿಗೆ ಮೈಸೂರು, ಮಂಡ್ಯದಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಮರದ ನೆರಳು ಮರದ ಕಾಲ ಕೆಳಗೇ.

ಒಂದೇ ದಿನ ಆರು ಗಂಟೆ ಕಾಯೋಕೆ ಆಗಲ್ಲ, ಒಂದು ಗಂಟೆ ಅಂತರದಲ್ಲಿ ಎರಡು ಗುರುತು ಹಾಕಿದರೆ ಸಾಲದಾ ಅಂತ ನಿಮ್ಮ ಮಗಳು ಕೇಳಬಹುದು. ತತ್ವ ಸರಿ, ಉತ್ತರ ಒರಟು. ಒಂಬತ್ತೂವರೆಯಿಂದ ಹತ್ತೂವರೆಗೆ ಕೋಲಿನ ತುದಿ ಸರಿಯೋದು ಸುಮಾರು 40 ಸೆಂ.ಮೀ. ಮೊಳೆ ಹೊಡೆಯೋದರಲ್ಲಿ 2 ಸೆಂ.ಮೀ. ಹೆಚ್ಚುಕಡಿಮೆ ಆದರೆ ನೂರಕ್ಕೆ 5ರಷ್ಟು ತಪ್ಪು, ನಿಮ್ಮ ಮರಕ್ಕೆ 75 ಸೆಂ.ಮೀ. ಆರು ಗಂಟೆ ಬಿಟ್ಟರೆ 200 ಸೆಂ.ಮೀ.ನಲ್ಲಿ 2 ಸೆಂ.ಮೀ. ಅಷ್ಟೇ, ಮರಕ್ಕೆ 15 ಸೆಂ.ಮೀ. ಆರು ಗಂಟೆ ಆಗದಿದ್ದರೆ 2 ಮೀಟರ್ ಕೋಲು ತೆಗೆದುಕೊಳ್ಳಿ, ಸ್ವಲ್ಪ ವಾಸಿ.

ನಿಮ್ಮ ಅಳತೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ‘ತಲೆಯ ನಡುವಿನ ತನಕ’ ಅನ್ನೋ ಮಾತು. ತುಂಬ ಜನ ಗರಿಯ ತುದಿಯ ನೆರಳಿಗೆ ಗುರುತು ಹಾಕಿ ಕೆಡಿಸಿಕೊಳ್ಳುತ್ತಾರೆ. ಬಿಸಿಲಲ್ಲಿ ನೆಲದ ಮೇಲೆ ಬಗ್ಗಿ ನೋಡಿದರೆ ಗೊತ್ತಾಗುತ್ತೆ. ಕಾಂಡದ ನೆರಳು ಗಟ್ಟಿಯಾಗಿ, ಕಪ್ಪಗೆ ಇರುತ್ತೆ. ತಲೆ ಹತ್ತಿರ ಬಂದಂತೆ ಅಂಚು ಮಸುಕು. ಗರಿಗಳದ್ದಂತೂ ಬೂದು ಬಣ್ಣದ ಹೊಗೆ ಹಾಗೆ ಅಲ್ಲಾಡುತ್ತಿರುತ್ತೆ, ಒಂದೊಂದು ಎಲೆಯ ನೆರಳು ಬೇರೆಬೇರೆಯಾಗಿ ಸಿಗೋದೇ ಇಲ್ಲ. ಕಾರಣ, ಸೂರ್ಯ ಚುಕ್ಕೆಯಲ್ಲ, ತಟ್ಟೆ. ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಯಾವುದೇ ವಸ್ತುವಿನ ಗಟ್ಟಿ ನೆರಳು ಅದರ ಅಗಲದ ಸುಮಾರು 107 ಪಟ್ಟು ದೂರದವರೆಗೆ ಮಾತ್ರ ತಲುಪುತ್ತೆ. 30 ಸೆಂ.ಮೀ. ದಪ್ಪದ ಕಾಂಡಕ್ಕೆ ಅದು 32 ಮೀಟರ್. 4 ಸೆಂ.ಮೀ. ಅಗಲದ ಎಲೆಗೆ 4 ಮೀಟರ್ ಚಿಲ್ಲರೆ. ನಿಮ್ಮ ಮರದ ತಲೆಯಿಂದ ನೆಲದ ಗುರುತಿಗೆ ಬಿಸಿಲು ಬರುವ ದಾರಿಯೇ 21 ಮೀಟರ್. ಎಲೆಯ ನೆರಳು ಅರ್ಧ ದಾರಿಯೂ ಬರೋಲ್ಲ.

ಅಲ್ಲದೆ ಗೂಟ–ಮೊಳೆ ಲೆಕ್ಕ ನಿಲ್ಲೋದೇ ಒಂದು ಷರತ್ತಿನ ಮೇಲೆ: ಬೆಳಗ್ಗೆ ಯಾವ ಬಿಂದುವಿನ ನೆರಳಿಗೆ ಗುರುತು ಹಾಕಿದಿರೋ ಮಧ್ಯಾಹ್ನವೂ ಅದೇ ಬಿಂದುವಿನದಾಗಿರಬೇಕು. ಗರಿಯ ತುದಿ ಹಿಡಿದರೆ ಬೆಳಗ್ಗೆ ಪಶ್ಚಿಮದ ಗರಿ, ಮಧ್ಯಾಹ್ನ ಪೂರ್ವದ ಗರಿ. ನಡುವೆ ಏಳೆಂಟು ಮೀಟರ್ ಪುಕ್ಕಟೆ ಸೇರಿಕೊಳ್ಳುತ್ತೆ. ಗೊನೆ ಹುಟ್ಟುವ ಜಾಗದಲ್ಲಿ ಕಾಂಡದ ಕಪ್ಪು ನೆರಳು ಮುಗಿದು ಗರಿಗಳು ಸುತ್ತ ಹರಡಿಕೊಳ್ಳುತ್ತವಲ್ಲ, ಅದನ್ನೇ ಹಿಡಿಯಬೇಕು.

ಇದೇ ತಪ್ಪು ಕಟ್ಟಡಕ್ಕೂ ಆಗುತ್ತೆ. ಊರಿನ ನೀರಿನ ಓವರ್‌ಹೆಡ್ ಟ್ಯಾಂಕ್ ತೆಗೆದುಕೊಳ್ಳಿ. ಬೆಳಗ್ಗೆ ನೆರಳಿನ ತುದಿ ಅದರ ಪಶ್ಚಿಮದ ಅಂಚಿನದು, ಮಧ್ಯಾಹ್ನ ಪೂರ್ವದ ಅಂಚಿನದು. 8 ಮೀಟರ್ ಅಗಲದ ಟ್ಯಾಂಕಾದರೆ ಗೂಟಗಳ ದೂರದಿಂದ 8 ಮೀಟರ್ ಕಳೆದು ಆಮೇಲೆ ಭಾಗಿಸಬೇಕು. ಗೋಡೆ ನೆಟ್ಟಗೆ ಮೇಲಿನವರೆಗೂ ಹೋಗಿರುವ ಮನೆಗೆ ಈ ಕಷ್ಟ ಬೇಡ. ನೆರಳು ಬಿದ್ದ ಕಡೆಯ ಗೋಡೆಯಿಂದ ಅಳೆದರೆ ಪುಸ್ತಕದ ವಿಧಾನವೇ ಸಾಕು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಗೋಪುರದಂಥದ್ದಕ್ಕೆ ಗೂಟ–ಮೊಳೆ ತತ್ವದಲ್ಲಿ ಚೆನ್ನಾಗಿ ಒಪ್ಪುತ್ತೆ, ಯಾಕೆಂದರೆ ಶಿಖರದ ನೇರ ಕೆಳಗಿನ ಜಾಗ ಕಟ್ಟಡದ ಒಳಗಿರುತ್ತೆ, ಅಲ್ಲಿಂದ ಟೇಪ್ ಹಿಡಿಯೋಕಾಗಲ್ಲ. ಆದರೆ ಅದು ಸುಮಾರು 175 ಅಡಿ ಎತ್ತರ. ಅಷ್ಟು ಮೇಲಿನ ತುದಿಯ ನೆರಳು ನೆಲಕ್ಕೆ ಬರುವಷ್ಟರಲ್ಲಿ ಅಂಚು ಸುಮಾರು ಒಂದು ಮೀಟರ್‌ನಷ್ಟು ಹರಡಿ ಮಸುಕಾಗಿರುತ್ತೆ. ತುದಿ ಎಲ್ಲಿ ಮುಗಿಯಿತು ಅಂತ ಕೇಳಿದರೆ ಇಬ್ಬರು ಎರಡು ಬೇರೆ ಜಾಗ ಹೇಳುತ್ತಾರೆ.

ನೆಲ ಇಳಿಜಾರಾಗಿದ್ದರೆ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮರದ ನೆರಳು ಬೀಳುವ ಇಳಿಜಾರಿನಲ್ಲೇ ಕೋಲನ್ನೂ ನೆಟ್ಟರೆ ಎರಡಕ್ಕೂ ಒಂದೇ ಸೊಟ್ಟ, ಉತ್ತರ ಕೆಡೋಲ್ಲ. ಮರದ ನೆರಳು ಗದ್ದೆಯ ತಗ್ಗಿಗೆ ಬಿದ್ದು, ಕೋಲು ಸಮತಟ್ಟಾದ ಅಂಗಳದಲ್ಲಿದ್ದರೆ ಕೆಡುತ್ತೆ.

ಇನ್ನು ಮರ ಕಡಿಯುವ ವಿಷಯ. ಬುಡದಿಂದ ತಲೆಯ ನಡುವಿಗೆ ಕಾಂಡದ ಉದ್ದ 15 ಮೀಟರ್ ಚಿಲ್ಲರೆ. 19 ಮೀಟರ್ ದೂರದ ಗೋಡೆಗೆ ಕಾಂಡ ತಾಗೋಲ್ಲ. ಆದರೆ ಅದರ ಮುಂದೆ ನಾಲ್ಕೈದು ಮೀಟರ್ ಗರಿ ಇದೆಯಲ್ಲ. ಒಟ್ಟು 20 ಮೀಟರ್ ಆಸುಪಾಸು. ನೀವು ಬೆಳಗಿನ 13 ಮೀಟರ್ ನಂಬಿ, ಗರಿ ಸೇರಿಸಿದರೂ 18 ಅಂತ ಧೈರ್ಯ ಮಾಡಿದ್ದರೆ ಗರಿ ನಿಮ್ಮ ಗೋಡೆಗೋ ಹೆಂಚಿಗೋ ಬಡಿಯುತ್ತಿತ್ತು. ಮರವೂ ಆ ಕಡೆಗೇ ವಾಲಿದೆ, ಬುಡ ಕಡಿದರೆ ತಾನಾಗಿ ಬೀಳೋದು ಮನೆ ಕಡೆಗೇ. ಆದ್ದರಿಂದ ಬುಡಕ್ಕೆ ಕೊಡಲಿ ಹಾಕಿಸಬೇಡಿ. ಮರ ಹತ್ತಿ ಕಡಿಯುವವರನ್ನು ಕರೆಸಿ ಮೊದಲು ಗರಿ, ಗೊನೆ ಎಲ್ಲ ಇಳಿಸಿ. ಆಮೇಲೆ ಹಗ್ಗ ಕಟ್ಟಿಕೊಂಡು ಕಾಂಡವನ್ನು ಮೇಲಿನಿಂದ ತುಂಡು ತುಂಡಾಗಿ ಇಳಿಸಲಿ. ಉಳಿದ ಮೋಟು 8–10 ಮೀಟರ್‌ಗೆ ಬಂದ ಮೇಲೆ ಪಶ್ಚಿಮದ ಕಡೆಗೆ ಹಗ್ಗ ಎಳೆದು ಬೀಳಿಸಬಹುದು. ನಿಮ್ಮ ಬೆಳಗಿನ ಗೂಟ ಇರುವ ಆ ಕಡೆ ಖಾಲಿ ಇದೆ ಅಂದುಕೊಂಡಿದ್ದೇನೆ, ಇಲ್ಲದಿದ್ದರೆ ಮೋಟನ್ನೂ ತುಂಡು ಮಾಡಿಯೇ ಇಳಿಸಿ.